ಗಿರಾಕಿ ಕೇಳಿದ ಮಾತೇ ಟೈಟಲ್: ತಿಪಟೂರು ವರ್ತಕರ ಕಾರ್ಯಾಗಾರದ ಮಾತು

ಎಲ್ಲರಿಗೂ ನಮಸ್ಕಾರ. ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಬಿಟ್ಟುಬಿಡ್ತೀನಿ, ಚಿಂತೆ ಬೇಡ.

ನಿಮ್ಮಲ್ಲಿ ತುಂಬಾ ಜನ ಯೂಟ್ಯೂಬಿಗೆ ವಿಡಿಯೋ ಹಾಕುತ್ತಿದ್ದೀರಿ. ನೋಡಿದ್ದೇನೆ, ವಿಡಿಯೋ ಚೆನ್ನಾಗಿಯೇ ಇವೆ. ತೊಂದರೆ ಇರುವುದು ಅದರ ಮೇಲೆ ಬರೆದ ಸಾಲಿನಲ್ಲಿ. 'ಸೂಪರ್ ಕಲೆಕ್ಷನ್', 'ಬನ್ನಿ ನೋಡಿ', ಇಲ್ಲವೇ ಫೋನು ತಾನೇ ಕೊಟ್ಟ VID ಅಂತ ಶುರುವಾಗೋ ಉದ್ದದ ನಂಬರು. 'ಸೂಪರ್ ಕಲೆಕ್ಷನ್' ಅಂತ ಯಾರಾದರೂ ಹುಡುಕುತ್ತಾರಾ? ನಿಮ್ಮ ಗಲ್ಲಾಪೆಟ್ಟಿಗೆ ಮುಂದೆ ನಿಂತು ಯಾರಾದರೂ ಹಾಗೆ ಕೇಳಿದ್ದಾರಾ?

ಗಿರಾಕಿ ಏನು ಕೇಳುತ್ತಾರೋ ಅದೇ ಟೈಟಲ್. ಇವತ್ತು ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ.

ಮೋಟರ್ ರಿವೈಂಡಿಂಗ್ ಅಂಗಡಿಯವರು ಇಲ್ಲೇ ಇದ್ದೀರಲ್ಲ, ನಿಮ್ಮಿಂದಲೇ ಶುರು ಮಾಡೋಣ. ರೈತರು ಬಂದು ಏನಂತಾರೆ? 'ಮೋಟರ್ ಹಮ್ಮಿಂಗ್ ಬರ್ತದೆ, ತಿರುಗಲ್ಲ.' ಸರಿ, ಟೈಟಲ್ ಬರೆದಾಯಿತು:

ಬೋರ್‌ವೆಲ್ ಮೋಟರ್ ಸದ್ದು ಬರುತ್ತೆ, ತಿರುಗಲ್ಲ: ಮೊದಲು ಏನು ನೋಡಬೇಕು? | ತಿಪಟೂರು

ಮುಖ್ಯ ಪದಗಳು ಮೊದಲಿಗೆ ಬಂದವು, ಊರು ಕೊನೆಗೆ. ಯೂಟ್ಯೂಬ್ ಟೈಟಲ್‌ಗೆ 100 ಅಕ್ಷರದವರೆಗೆ ಜಾಗ ಕೊಡುತ್ತದೆ. ಆದರೆ ಫೋನಿನಲ್ಲಿ ಅಷ್ಟೂ ಕಾಣುವುದಿಲ್ಲ, ಬಾಲ ಕತ್ತರಿಸಿ ಹೋಗುತ್ತದೆ. ಅದಕ್ಕೇ ಅಂಗಡಿ ಹೆಸರನ್ನು ಮೊದಲು ಹಾಕಬೇಡಿ. ಬೇಜಾರಾಗಬೇಡಿ, ನಿಮ್ಮ ಅಂಗಡಿ ಗೊತ್ತಿರುವವರು ಹೇಗೂ ಬರುತ್ತಾರೆ. ಗೊತ್ತಿಲ್ಲದವರಿಗಾಗಿ ತಾನೇ ವಿಡಿಯೋ?

ಇನ್ನು ಕೊಬ್ಬರಿ ಮಂಡಿಯವರು. 'ಇವತ್ತಿನ ಕೊಬ್ಬರಿ ರೇಟ್' ಅಂತ ಹಾಕುತ್ತೀರಿ. ಯಾವ ಇವತ್ತು? ಮುಂದಿನ ವಾರ ನೋಡಿದವರಿಗೆ ಅದು ಸುಳ್ಳಾಗುತ್ತದೆ. ರೇಟ್ ಹೇಳುವ ವಿಡಿಯೋಗೆ ತಾರೀಕು ಇರಲೇಬೇಕು. ವರ್ಷಗಟ್ಟಲೆ ಓಡುವ ವಿಡಿಯೋ ಬೇಕಾದರೆ 'ಅಟ್ಟದ ಕಾಯಿ ಉಂಡೆ ಕೊಬ್ಬರಿ ಆಗಲು ಎಷ್ಟು ತಿಂಗಳು ಬೇಕು?' ಅಂತ ಮಾಡಿ. ನಮಗೆ ಅದು ದಿನದ ಮಾತು. ಹೊರಗಿನವರಿಗೆ ಕಾಯಿ ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿ, ಒಳಗೇ ಬಿಟ್ಟುಕೊಂಡು ಗಡಗಡ ಅನ್ನುವುದೇ ಆಶ್ಚರ್ಯ.

ಡಿಸ್ಕ್ರಿಪ್ಷನ್ ಖಾಲಿ ಬಿಡುವವರೇ ಜಾಸ್ತಿ. 5000 ಅಕ್ಷರ ಬರೆಯಬಹುದು, ಅಷ್ಟೆಲ್ಲ ಬೇಡ. ಮೊದಲ ಎರಡು ಸಾಲಿನ ಮೇಲೆ ಗಮನ ಇಡಿ, ಉಳಿದದ್ದು ಒತ್ತಿದರೆ ಮಾತ್ರ ತೆರೆಯುತ್ತದೆ. ಕೊಬ್ಬರಿ ವಿಡಿಯೋಗೆ ನಾನಾದರೆ ಹೀಗೆ ಬರೆಯುತ್ತೇನೆ:

ತಿಪಟೂರಿನ ಉಂಡೆ ಕೊಬ್ಬರಿ ಹೇಗೆ ತಯಾರಾಗುತ್ತದೆ, ಒಳ್ಳೆಯದನ್ನು ಹೇಗೆ ಆರಿಸುವುದು ಅಂತ ಅಟ್ಟದಿಂದ ಮಂಡಿಯವರೆಗೆ ತೋರಿಸಿದ್ದೇವೆ. ಒಂದು ಕಿಲೋನಿಂದ ಚೀಲದವರೆಗೆ ಕೊಡುತ್ತೇವೆ, ಹೊರ ಊರಿಗೂ ಕಳಿಸುತ್ತೇವೆ.
Tiptur ball copra, dry coconut, sukha nariyal gola
ಬೆಳಗ್ಗೆ 10ರಿಂದ ರಾತ್ರಿ 8. ಭಾನುವಾರ ರಜೆ.

ಇದರ ಕೆಳಗೆ ವಿಳಾಸ, ವಾಟ್ಸಾಪ್ ನಂಬರು. ಇಂಗ್ಲಿಷ್ ಅಕ್ಷರದ ಸಾಲು ಯಾಕೆ ಅಂತೀರಾ? ಕನ್ನಡದವರೇ ಎಷ್ಟೋ ಜನ ಹುಡುಕುವಾಗ kobbari ಅಂತ ಒತ್ತುತ್ತಾರೆ. ಹಿಂದಿಯವರು ಗೋಲಾ ಅಂತಾರೆ. ಹಾಗಂತ ಒಂದೇ ಪದವನ್ನು ಇಪ್ಪತ್ತು ಸಲ ತುರುಕಬೇಡಿ, ಓದುವವರಿಗೂ ಹಿಂಸೆ. ಹ್ಯಾಶ್‌ಟ್ಯಾಗ್ ಮೂರು ಸಾಕು. 60 ದಾಟಿದರೆ ಯೂಟ್ಯೂಬ್ ಒಂದನ್ನೂ ಲೆಕ್ಕಕ್ಕೆ ತಗೊಳ್ಳಲ್ಲ.

ಶಾರ್ಟ್ಸ್ ಹಾಕುವವರಿಗೆ ಒಂದು ಮಾತು: ಅಲ್ಲಿ ಡಿಸ್ಕ್ರಿಪ್ಷನ್‌ನಲ್ಲಿ ಕೊಟ್ಟ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ನಂಬರನ್ನು ವಿಡಿಯೋ ಒಳಗೇ ದೊಡ್ಡದಾಗಿ ತೋರಿಸಿ.

ಸೀರೆ ಅಂಗಡಿಯವರೊಬ್ಬರು ಬೆಳಗ್ಗೆ ಕೇಳಿದರು, '90% ಡಿಸ್ಕೌಂಟ್ ಅಂತ ಹಾಕಿದರೆ ಜನ ನೋಡಲ್ವಾ?' ನೋಡುತ್ತಾರೆ. ಎರಡು ಸೆಕೆಂಡಿಗೆ ಮುಚ್ಚುತ್ತಾರೆ. ಅಷ್ಟೇ ಅಲ್ಲ, ಇಲ್ಲದ್ದನ್ನು ಇದೆ ಅಂತ ಟೈಟಲ್ ಕೊಟ್ಟರೆ ಯೂಟ್ಯೂಬ್ ನಿಯಮದ ಪ್ರಕಾರ ವಿಡಿಯೋ ತೆಗೆದುಹಾಕಬಹುದು. ಅದರ ಬದಲು 'ಮದುವೆಗೆ ಕೊಡಲು 500 ರೂಪಾಯಿ ಒಳಗಿನ ಸೀರೆಗಳು' ಅಂತ ಬರೆಯಿರಿ. ನಿಮ್ಮಲ್ಲಿ ಅದು ಇದ್ದರೆ ಮಾತ್ರ, ಮತ್ತೆ!

ಹಳೇ ವಿಡಿಯೋಗಳನ್ನು ಅಳಿಸಬೇಡಿ. ಟೈಟಲ್, ಡಿಸ್ಕ್ರಿಪ್ಷನ್ ಯಾವಾಗ ಬೇಕಾದರೂ ಬದಲಾಯಿಸಬಹುದು. ಈಗಲೇ ಮಾಡೋಣ. YouTube Studio ಆ್ಯಪ್ ತೆಗೆಯಿರಿ, ನಿಮ್ಮ ಕೊನೆಯ ವಿಡಿಯೋ ಒತ್ತಿ, ಪೆನ್ಸಿಲ್ ಗುರುತು ಒತ್ತಿ. ಟೈಟಲ್ ಅಳಿಸುವ ಮೊದಲು ಈ ವಾರ ಗಿರಾಕಿಗಳು ಕೇಳಿದ ಮೂರು ಪ್ರಶ್ನೆ ಹಾಳೆಯಲ್ಲಿ ಬರೆದುಕೊಳ್ಳಿ. ಪಕ್ಕದ ಅಂಗಡಿಯವರಿಗೆ ಓದಿ ಹೇಳಿ, ಅವರು ಆರಿಸಿದ್ದನ್ನೇ ಹಾಕಿ. ಪಾತ್ರೆ ಅಂಗಡಿ ಅಕ್ಕ, ನೀವು ಮೊದಲು ಓದಿ.