ಕೊಠಡಿ ಬದಲಾವಣೆ ಕೋರಿ ವಾರ್ಡನ್ ಅವರಿಗೆ ಮನವಿ ಪತ್ರ

ದಿನಾಂಕ: 25 ಆಗಸ್ಟ್ 2025

ಇವರಿಂದ:
ಚೈತ್ರಾ ಎಂ.
ಬಿ.ಎಸ್ಸಿ., ಮೂರನೇ ಸೆಮಿಸ್ಟರ್
ಕೊಠಡಿ 312, ಮೂರನೇ ಮಹಡಿ
ಮಹಿಳಾ ಹಾಸ್ಟೆಲ್

ಇವರಿಗೆ:
ವಾರ್ಡನ್ ಅವರು
ಮಹಿಳಾ ಹಾಸ್ಟೆಲ್

ವಿಷಯ: ಆರೋಗ್ಯದ ಕಾರಣಕ್ಕೆ ಕೊಠಡಿ 312ರಿಂದ ನೆಲಮಹಡಿಯ ಕೊಠಡಿ 7ಕ್ಕೆ ಬದಲಾಯಿಸಿಕೊಡುವ ಬಗ್ಗೆ

ಮಾನ್ಯ ಮೇಡಂ,

ನನಗೆ ಮೂರ್ಛೆ ರೋಗ ಇದೆ. 16ನೇ ವಯಸ್ಸಿನಿಂದ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದು ಸಲವೂ ಫಿಟ್ಸ್ ಬಂದಿರಲಿಲ್ಲ. ಈ ತಿಂಗಳ 19ರಂದು ಬೆಳಿಗ್ಗೆ ನಮ್ಮ ರೂಮಿನಲ್ಲೇ ಬಂತು. ಈಗ ನಾನಿರುವ ಜಾಗದಲ್ಲಿ ಮಲಗುವುದು ಅಪಾಯ ಎಂದು ನರರೋಗ ತಜ್ಞರು ಬರೆದುಕೊಟ್ಟಿದ್ದಾರೆ. ನೆಲಮಹಡಿಯ ಕೊಠಡಿ 7ರಲ್ಲಿ ಒಂದು ಮಂಚ ಖಾಲಿ ಇದೆ. ಅದನ್ನು ನನಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ಹಾಸ್ಟೆಲ್‌ಗೆ ಸೇರುವಾಗ ಅರ್ಜಿಯಲ್ಲಿ ‘ಯಾವುದಾದರೂ ಕಾಯಿಲೆ ಇದೆಯೇ?’ ಎಂಬ ಕಡೆ ‘ಇಲ್ಲ’ ಎಂದು ಬರೆದಿದ್ದೆ. ಇದೆ ಎಂದರೆ ಸೀಟು ಸಿಗುವುದಿಲ್ಲವೇನೋ, ಸಿಕ್ಕರೂ ಯಾರೂ ನನ್ನ ಜೊತೆ ರೂಮಿನಲ್ಲಿ ಇರಲು ಒಪ್ಪುವುದಿಲ್ಲವೇನೋ ಎಂಬ ಭಯ ಇತ್ತು. ಮಾತ್ರೆಯಿಂದ ಎಲ್ಲ ಹಿಡಿತದಲ್ಲಿದೆ, ಸುಮ್ನೆ ಯಾಕೆ ಹೇಳುವುದು ಎಂದುಕೊಂಡೆ. ಹಾಗೆ ಮಾಡಬಾರದಿತ್ತು. ನಿಮಗೆ ಮೊದಲೇ ಗೊತ್ತಿದ್ದರೆ ಮೇಲಿನ ಮಂಚ ನನಗೆ ಬರುತ್ತಲೇ ಇರಲಿಲ್ಲ. ಅದಕ್ಕಾಗಿ ಕ್ಷಮೆ ಕೇಳುತ್ತೇನೆ. ಅರ್ಜಿಯಲ್ಲಿ ಆ ವಿವರ ತಿದ್ದಿಕೊಡಲು ತಯಾರಿದ್ದೇನೆ.

19ರ ಬೆಳಿಗ್ಗೆ ಏನಾಯಿತು ಎಂದು ಹೇಳುತ್ತೇನೆ. ಹಿಂದಿನ ರಾತ್ರಿ ಮಲಗಿದಾಗ ಮೂರು ಗಂಟೆ. ಆರೂವರೆಗೆ ಅಲಾರಾಂ ಹೊಡೆಯಿತು. ಮೇಲಿನ ಮಂಚದಲ್ಲೇ ಎದ್ದು ಕೂತು ನೀರಿನ ಬಾಟಲಿ ತೆಗೆದುಕೊಂಡೆ. ಕೈ ಒಮ್ಮೆ ಝಾಡಿಸಿದಂತಾಗಿ ಬಾಟಲಿ ಹಾರಿ ಎದುರಿನ ಗೋಡೆಗೆ ಬಡಿಯಿತು. ನಿದ್ದೆಗಣ್ಣು ಎಂದುಕೊಂಡು ಏಣಿ ಇಳಿಯತೊಡಗಿದೆ. ಕೊನೆಯ ಮೆಟ್ಟಿಲಿನಲ್ಲಿ ಎರಡೂ ಭುಜ ಮತ್ತೆ ಝಾಡಿಸಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ. ಎಚ್ಚರವಾದಾಗ ನೆಲದ ಮೇಲೆ ಮಗ್ಗುಲಾಗಿ ಮಲಗಿದ್ದೆ. ಬಾಯಲ್ಲಿ ರಕ್ತದ ರುಚಿ. ನಾಲಿಗೆ ಕಚ್ಚಿಕೊಂಡಿದ್ದೆ. ಗದ್ದ ಒಡೆದು ನಾಲ್ಕು ಹೊಲಿಗೆ ಬಿದ್ದವು. ರೂಮ್‌ಮೇಟ್ ಫೋನಿನಲ್ಲಿ ಸಮಯ ನೋಡಿಕೊಂಡಿದ್ದರು, ಎರಡು ನಿಮಿಷಕ್ಕಿಂತ ಸ್ವಲ್ಪ ಕಡಿಮೆ ಎಂದರು. ಅವರು ಗಾಬರಿಯಾದರೂ ನನ್ನನ್ನು ಬಿಟ್ಟು ಓಡಲಿಲ್ಲ. ಅವರ ಋಣ ನಾನು ಮರೆಯುವುದಿಲ್ಲ.

ನೆಲಕ್ಕೆ ಒಂದೇ ಮೆಟ್ಟಿಲು ಬಾಕಿ ಇತ್ತು. ಇನ್ನೊಂದು ಅರ್ಧ ನಿಮಿಷ ಮೊದಲೇ ಬಂದಿದ್ದರೆ ಮೇಲಿನ ಮಂಚದಿಂದ ತಲೆಕೆಳಗಾಗಿ ಬೀಳುತ್ತಿದ್ದೆ. ಅದನ್ನು ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ.

21ರಂದು ನರರೋಗ ತಜ್ಞರ ಹತ್ತಿರ ಹೋದೆ. ಮಾತ್ರೆಯ ಬಗ್ಗೆ ಕೇಳುವ ಮೊದಲೇ ಅವರು ‘ಎಲ್ಲಿ ಮಲಗ್ತೀಯಮ್ಮ? ಎಷ್ಟು ಹೊತ್ತು ಮಲಗ್ತೀಯ?’ ಎಂದು ಕೇಳಿದರು. ನನಗಿರುವ ಬಗೆಗೆ ಜೂವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ ಎಂದು ಹೆಸರು. ಇದು ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗುತ್ತದೆ. ಮಾತ್ರೆಗೆ ಬಹಳಷ್ಟು ಜನರಲ್ಲಿ ಚೆನ್ನಾಗಿ ಬಗ್ಗುತ್ತದೆ. ಆದರೆ ನಿದ್ದೆಗೆಟ್ಟರೆ ಮತ್ತೆ ಬರುತ್ತದೆ. ಅದೂ ಬೆಳಿಗ್ಗೆ ಎದ್ದ ಕೂಡಲೇ, ಒಂದೆರಡು ಗಂಟೆಯೊಳಗೆ ಬರುವುದೇ ಜಾಸ್ತಿ. ಮೊದಲು ಕೈಗಳು ಝಾಡಿಸುತ್ತವೆ, ಹಿಡಿದದ್ದು ಬಿದ್ದುಹೋಗುತ್ತದೆ. ಕೆಲವರಿಗೆ ಮಿನುಗುವ ಬೆಳಕಿನಿಂದಲೂ ಬರುತ್ತದೆ. ಮಿದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿ ಪರೀಕ್ಷೆ ಮಾಡಿದಾಗ ಬೆಳಕು ಮಿನುಗಿಸಿ ನೋಡಿದರು, ಆಗ ನನ್ನ ಅಲೆಗಳು ಬದಲಾದವು. ಹಾಗಾಗಿ ನಾನು ಆ ಗುಂಪಿಗೂ ಸೇರುತ್ತೇನೆ. ಲೆವೆಟಿರಾಸೆಟಮ್ ಮಾತ್ರೆಯನ್ನು ದಿನಕ್ಕೆರಡು ಬಾರಿ 500 ಮಿಲಿಗ್ರಾಂ ಇದ್ದದ್ದನ್ನು 750ಕ್ಕೆ ಏರಿಸಿದ್ದಾರೆ. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆ.

ಮಾತ್ರೆ ಏರಿಸಿದ ಮೇಲೆ ರೂಮು ಯಾಕೆ ಬದಲಾಯಿಸಬೇಕು ಎಂದು ನಿಮಗೆ ಅನಿಸಬಹುದು. ನಾನೂ ಅದನ್ನೇ ಕೇಳಿದೆ. ಮಾತ್ರೆ ಅರ್ಧ ಕೆಲಸ, ನಿದ್ದೆ ಇನ್ನರ್ಧ ಎಂದರು ಡಾಕ್ಟರ್.

312ರಲ್ಲಿ ನಾವು ನಾಲ್ಕು ಜನ. ಉಳಿದ ಮೂವರೂ ಆರ್ಕಿಟೆಕ್ಚರ್ ಓದುತ್ತಿದ್ದಾರೆ. ಡ್ರಾಯಿಂಗ್ ಶೀಟು, ಮಾಡೆಲ್ ಎಂದು ವಾರದಲ್ಲಿ ನಾಲ್ಕೈದು ರಾತ್ರಿ ಎರಡು, ಮೂರು ಗಂಟೆವರೆಗೆ ಕೆಲಸ ಇರುತ್ತದೆ. ಸ್ಟಡಿ ರೂಮ್ ಹತ್ತಕ್ಕೆ ಮುಚ್ಚುತ್ತದೆ. ಹಾಗಾಗಿ ರೂಮಿನಲ್ಲೇ ಲೈಟು ಹಾಕಿಕೊಂಡು ಮಾಡುತ್ತಾರೆ. ಇದು ಅವರ ಮೇಲಿನ ದೂರು ಅಲ್ಲ ಮೇಡಂ. ದಯವಿಟ್ಟು ಹಾಗೆ ತಿಳಿದುಕೊಳ್ಳಬೇಡಿ. ಅವರ ಕೋರ್ಸೇ ಹಾಗೆ. ನನ್ನ ವಿಷಯ ಗೊತ್ತಾದ ಮೇಲೆ ಮೂರು ರಾತ್ರಿ ಟಾರ್ಚ್ ಬೆಳಕಿನಲ್ಲಿ ಶೀಟು ಬಿಡಿಸಿದರು. ಕೆಳಗಿನ ಮಂಚವನ್ನೂ ಬಿಟ್ಟುಕೊಟ್ಟಿದ್ದಾರೆ, ಈಗ ಅಲ್ಲೇ ಮಲಗುತ್ತಿದ್ದೇನೆ. ಆದರೆ ನನಗಾಗಿ ಮೂರು ಜನ ಸೆಮಿಸ್ಟರ್ ಪೂರ್ತಿ ಕತ್ತಲಲ್ಲಿ ಕೂರುವುದು ಸರಿಯಲ್ಲ ಅಲ್ವಾ?

ಮಂಚ ಬದಲಾದರೂ ಮೆಟ್ಟಿಲು ಉಳಿಯುತ್ತದೆ. ಬೆಳಿಗ್ಗೆ ಎದ್ದ ಹೊತ್ತಿನಲ್ಲೇ ತಿಂಡಿಗೆ ಮೂರು ಮಹಡಿ ಇಳಿಯಬೇಕು. ಕೈ ಝಾಡಿಸುವ ದಿನ ಮೆಟ್ಟಿಲ ಹತ್ತಿರ ಹೋಗಲೇಬಾರದು ಎಂದು ಡಾಕ್ಟರ್ ಹೇಳಿದ್ದಾರೆ. ನಮ್ಮ ಮಹಡಿಯ ಕಾರಿಡಾರಿನ ತುದಿಯ ಟ್ಯೂಬ್‌ಲೈಟ್ ಕೂಡ ಪಟಪಟ ಮಿನುಗುತ್ತಿರುತ್ತದೆ. ಸ್ನಾನದ ಮನೆಗೆ ಹೋಗಲು ಅದರ ಕೆಳಗೇ ಹೋಗಬೇಕು. ನಾನು ಹೋದರೂ ಅದನ್ನು ಬದಲಾಯಿಸಿಬಿಡಿ, ಬೇರೆಯವರಿಗೂ ಕಣ್ಣುನೋವು.

ಕೊಠಡಿ 7 ಇಬ್ಬರ ರೂಮು. ಎರಡೂ ಒಂಟಿ ಮಂಚ, ನೆಲದಿಂದ ಒಂದೂವರೆ ಅಡಿ ಎತ್ತರ. ಅಲ್ಲಿದ್ದ ಒಬ್ಬರು ಕಳೆದ ತಿಂಗಳು ಹಾಸ್ಟೆಲ್ ಬಿಟ್ಟಿದ್ದಾರೆ. ಈಗಿರುವ ವಿದ್ಯಾರ್ಥಿನಿ ನನ್ನದೇ ತರಗತಿಯವರು. ಅವರ ಹತ್ತಿರ ಮುಚ್ಚುಮರೆ ಮಾಡದೆ ಎಲ್ಲ ಹೇಳಿದೆ. ಒಂದು ದಿನ ಯೋಚಿಸಿ ಹೇಳುತ್ತೇನೆ ಎಂದರು. ಮರುದಿನ ಬಂದು ‘ಫಿಟ್ಸ್ ಬಂದರೆ ನಾನೇನು ಮಾಡಬೇಕು ಅಂತ ಮೊದಲು ಹೇಳಿಕೊಡು’ ಎಂದರು. ಅವರ ಒಪ್ಪಿಗೆ ಪತ್ರ ಜೊತೆಗಿದೆ. ಅವರು ಹತ್ತೂವರೆಗೆ ಮಲಗುವವರು. ನನಗೆ ಬೇಕಿರುವುದೂ ಅದೇ.

ನೀವು ಸಿಕ್ ರೂಮ್ ಅಥವಾ ಒಬ್ಬಳೇ ಇರುವ ರೂಮು ಕೊಡಬೇಕೆಂದು ಯೋಚಿಸಿದರೆ, ಅದು ಒಳ್ಳೆಯ ಮನಸ್ಸಿನಿಂದಲೇ ಇರುತ್ತದೆ. ಆದರೆ ಅದು ನನಗೆ ಇನ್ನೂ ಅಪಾಯ. ರಾತ್ರಿ ಒಬ್ಬಳೇ ಇರುವಾಗ ಫಿಟ್ಸ್ ಬಂದರೆ ಮಗ್ಗುಲಾಗಿಸುವವರೂ ಇರುವುದಿಲ್ಲ. ಪಕ್ಕದಲ್ಲಿ ಒಬ್ಬರು ಇರಲೇಬೇಕು ಎಂಬುದು ಡಾಕ್ಟರ್ ಪತ್ರದಲ್ಲಿದೆ.

ಸೆಮಿಸ್ಟರ್ ನಡುವೆ ರೂಮು ಬದಲಿಸಬಾರದು ಎಂಬ ನಿಯಮ ಗೊತ್ತು. ಸೆಮಿಸ್ಟರ್ ಮುಗಿಯಲು ಇನ್ನೂ ಮೂರು ತಿಂಗಳಿದೆ. ಪರೀಕ್ಷೆ ಹತ್ತಿರ ಬಂದಂತೆ ಎಲ್ಲರ ನಿದ್ದೆಯೂ ಕಡಿಮೆಯಾಗುತ್ತದೆ, ನನಗೆ ಅದೇ ಅಪಾಯದ ಕಾಲ. ಸಾಧ್ಯವಾದರೆ ಈ ವಾರದೊಳಗೇ ಅನುಮತಿ ಕೊಡಿ. ಇಬ್ಬರ ರೂಮಿಗೆ ಶುಲ್ಕ ಹೆಚ್ಚಿದ್ದರೆ ವ್ಯತ್ಯಾಸ ಕಟ್ಟುತ್ತೇವೆ ಎಂದು ಅಮ್ಮ ಬರೆದಿದ್ದಾರೆ.

ಇನ್ನೆರಡು ಸಣ್ಣ ವಿನಂತಿ. ಸ್ನಾನದ ಮನೆಯ ಚಿಲಕ ಹಾಕದೆ, ಬಾಗಿಲಿಗೆ ‘ಒಳಗಿದ್ದೇನೆ’ ಎಂಬ ಬೋರ್ಡು ತೂಗುಹಾಕಲು ಬಿಡಿ. ಮತ್ತೆ, ನೋಟಿಸ್ ಬೋರ್ಡಿನಲ್ಲಾಗಲಿ ರಿಜಿಸ್ಟರಿನಲ್ಲಾಗಲಿ ‘ವೈದ್ಯಕೀಯ ಕಾರಣ’ ಎಂದಷ್ಟೇ ಬರೆಯಿರಿ. ನಿಮಗೆ, ರಾತ್ರಿ ಪಾಳಿಯ ಸಿಬ್ಬಂದಿಗೆ, ನನ್ನ ರೂಮ್‌ಮೇಟ್‌ಗೆ ಗೊತ್ತಿದ್ದರೆ ಸಾಕು. ಉಳಿದವರಿಗೆ ಹೇಳುವುದು ಬಿಡುವುದು ನನಗಿರಲಿ.

ಇದು ಅಂಟುವ ಕಾಯಿಲೆ ಅಲ್ಲ. ನಾನು ತರಗತಿಗೆ ಹೋಗುತ್ತೇನೆ, ಲ್ಯಾಬ್ ಮಾಡುತ್ತೇನೆ, ಎಲ್ಲರಂತೆ ಪರೀಕ್ಷೆ ಬರೆಯುತ್ತೇನೆ. ಮನೆಗೆ ಹೋಗಿ ಸುಧಾರಿಸಿಕೊಂಡು ಬಾ ಎಂದು ದಯವಿಟ್ಟು ಕಳಿಸಬೇಡಿ. ನನಗೆ ಇಲ್ಲೇ ಇದ್ದು ಓದಬೇಕು.

ನೀವು ಹೇಳಿದ ಸಮಯಕ್ಕೆ ಬಂದು ಮಾತಾಡುತ್ತೇನೆ. ಅಮ್ಮನ ಜೊತೆಗೂ ಡಾಕ್ಟರ್ ಜೊತೆಗೂ ನೀವು ನೇರವಾಗಿ ಮಾತಾಡಲು ನನ್ನ ಒಪ್ಪಿಗೆ ಇದೆ.

ವಂದನೆಗಳೊಂದಿಗೆ,
ತಮ್ಮ ವಿಧೇಯ,
ಚೈತ್ರಾ ಎಂ.

ಲಗತ್ತಿಸಿದ ದಾಖಲೆಗಳು

1. ನರರೋಗ ತಜ್ಞರ ಪತ್ರ, 22 ಆಗಸ್ಟ್ 2025. ಕೆಳಗಿನ ಮಂಚ, ನೆಲಮಹಡಿ, ನಿಯಮಿತ ನಿದ್ದೆ, ಜೊತೆಗೊಬ್ಬರು ಬೇಕು ಎಂಬುದು ಇದರಲ್ಲಿದೆ. ಮೂಲ ಪ್ರತಿ. ನೋಡಿದ ಮೇಲೆ ಜೆರಾಕ್ಸ್ ಇಟ್ಟುಕೊಂಡು ಮೂಲ ಹಿಂದಿರುಗಿಸಿ.
2. ಇಇಜಿ ವರದಿ, 21 ಆಗಸ್ಟ್ 2025 (ಜೆರಾಕ್ಸ್).
3. 19ರಂದು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೊಟ್ಟ ಚೀಟಿ, ಗದ್ದದ ಹೊಲಿಗೆಯ ವಿವರದೊಂದಿಗೆ (ಜೆರಾಕ್ಸ್).
4. ಈಗಿನ ಔಷಧ ಚೀಟಿ, ಜೊತೆಗೆ 16ನೇ ವಯಸ್ಸಿನ ಮೊದಲ ಚೀಟಿ. ಕಾಯಿಲೆ ಹೊಸದಲ್ಲ ಎಂಬುದಕ್ಕೆ.
5. ಅಮ್ಮನ ಪತ್ರ.
6. ಕೊಠಡಿ 7ರ ವಿದ್ಯಾರ್ಥಿನಿಯ ಒಪ್ಪಿಗೆ ಪತ್ರ.
7. ಹಾಸ್ಟೆಲ್ ಗುರುತಿನ ಚೀಟಿ ಮತ್ತು ಈ ಸೆಮಿಸ್ಟರಿನ ಶುಲ್ಕದ ರಸೀದಿ (ಜೆರಾಕ್ಸ್).
8. ಫಿಟ್ಸ್ ಬಂದಾಗ ಮಾಡಬೇಕಾದ್ದು. ಡಾಕ್ಟರ್ ಹೇಳಿದ್ದನ್ನು ನಾನೇ ಬರೆದ ಹಾಳೆ. ಒಂದು ಪ್ರತಿ ನಿಮಗೆ, ಒಂದು ರಾತ್ರಿ ಪಾಳಿಯವರಿಗೆ.

ಲಗತ್ತು 8: ಚೈತ್ರಾಗೆ ಫಿಟ್ಸ್ ಬಂದರೆ

ಗಡಿಯಾರ ನೋಡಿ, ಶುರುವಾದ ಸಮಯ ನೆನಪಿಡಿ. ಸುತ್ತಲಿನ ಕುರ್ಚಿ, ಗಾಜು, ಬಿಸಿ ಪಾತ್ರೆ ದೂರ ಸರಿಸಿ. ತಲೆ ಕೆಳಗೆ ಮೆತ್ತಗಿನದು ಏನಾದರೂ ಇಡಿ, ಮಡಚಿದ ದುಪಟ್ಟಾ ಆದರೂ ಸಾಕು. ಕನ್ನಡಕ ತೆಗೆಯಿರಿ, ಕುತ್ತಿಗೆ ಹತ್ತಿರ ಬಿಗಿಯಾಗಿದ್ದರೆ ಸಡಿಲ ಮಾಡಿ.

ಕೈಕಾಲು ಅದುಮಿ ಹಿಡಿಯಬೇಡಿ. ಬಾಯೊಳಗೆ ಚಮಚ, ಬೆರಳು, ಬಟ್ಟೆ ಏನನ್ನೂ ಹಾಕಬೇಡಿ. ನಾಲಿಗೆ ನುಂಗಿಹೋಗುವುದಿಲ್ಲ. ನೀರು, ಮಾತ್ರೆ ಯಾವುದನ್ನೂ ಆಗ ಕೊಡಬೇಡಿ.

ಅದುರುವುದು ನಿಂತ ಕೂಡಲೇ ಮಗ್ಗುಲಾಗಿ ಮಲಗಿಸಿ, ಎಂಜಲು ಹೊರಗೆ ಹರಿಯಲಿ. ಉಸಿರಾಟ ಗಮನಿಸಿ. ಅರ್ಧ ಗಂಟೆ ನಾನು ಮಂಕಾಗಿರುತ್ತೇನೆ, ಕೇಳಿದ್ದನ್ನೇ ಕೇಳುತ್ತೇನೆ. ಜೊತೆಗಿರಿ. ಜನ ಗುಂಪುಗೂಡದಂತೆ ನೋಡಿಕೊಳ್ಳಿ.

ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಎರಡನೇ ಸಲ ಬಂದರೆ, ಉಸಿರಾಟಕ್ಕೆ ತೊಂದರೆಯಾದರೆ ಅಥವಾ ತಲೆಗೆ ಪೆಟ್ಟಾಗಿದ್ದರೆ ತಕ್ಷಣ ಆಂಬುಲೆನ್ಸ್ ಕರೆಸಿ. ಆಮೇಲೆ ಅಮ್ಮನಿಗೆ ಫೋನ್ ಮಾಡಿ. ಅವರ ನಂಬರ್ ನನ್ನ ಗುರುತಿನ ಚೀಟಿಯ ಹಿಂದೆ ಇದೆ.