ಸಾಲದಲ್ಲಿ ಸಿಕ್ಕಿಕೊಂಡ ಮನೆಗಳಿಗೆ ಒಂದು ಮಾತು

ಪ್ರೀತಿಯ ಅಕ್ಕಂದಿರೇ, ಅಣ್ಣಂದಿರೇ,

ನಮ್ಮ ಕುಟುಂಬಶ್ರೀ ಕೂಟಕ್ಕೆ ಕೆಲವರು ಬರುವುದನ್ನೇ ಬಿಟ್ಟಿದ್ದಾರೆ. ಕಾರಣ ಎಲ್ಲರಿಗೂ ಗೊತ್ತು. ಕಂತು ಕಟ್ಟಲಾಗಿಲ್ಲ, ಮುಖ ತೋರಿಸಲು ನಾಚಿಕೆ. ದಯವಿಟ್ಟು ಬನ್ನಿ. ಅಡಿಕೆಗೆ ಕೊಳೆರೋಗ ಬಂದ ವರ್ಷ ಪೆರ್ಲ, ಬದಿಯಡ್ಕದ ಕಡೆ ಕೈಸಾಲ ಮಾಡದ ಮನೆ ಎಷ್ಟಿದ್ದಾವು?

ಮೊದಲು ಗಂಡ ಹೆಂಡತಿ ಕೂತು ಎಲ್ಲ ಸಾಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಸೊಸೈಟಿ ಬ್ಯಾಂಕಿನದ್ದು, ಚಿನ್ನದ ಸಾಲ, ವಾರದ ಸಂಘದ್ದು, ವಿಪರೀತ ಬಡ್ಡಿಯ ಬ್ಲೇಡಿನವರದ್ದು, ಮೊಬೈಲ್ ಆ್ಯಪಿನದ್ದು, ನೆಂಟರದ್ದು. ಹೆಂಡತಿಗೆ ಗೊತ್ತಿಲ್ಲದ ಸಾಲ, ಗಂಡನಿಗೆ ಗೊತ್ತಿಲ್ಲದ ಅಡವು, ಎರಡೂ ಬರಲಿ. ಆ ದಿನ ಜಗಳ ಆಗುತ್ತದೆ. ಆಗಲಿ.

ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತನ್ನಿ. ತಿಂಗಳಿಗೆ ನೂರಕ್ಕೆ 5 ಅಂದರೆ ವರ್ಷಕ್ಕೆ 60. ‘10 ಸಾವಿರ ಸಾಲ, ದಿನಕ್ಕೆ ಬರೀ 100 ರೂಪಾಯಿ, 100 ದಿನ’ ಅಂತ ಹೇಳಿ ಕೈಗೆ 9 ಸಾವಿರ ಮಾತ್ರ ಕೊಡುತ್ತಾರಲ್ವಾ? ದಿನ ದಿನ ಅಸಲು ಕಟ್ಟುತ್ತಾ ಹೋಗುವುದರಿಂದ ಅದು ವರ್ಷಕ್ಕೆ 80ರ ಹತ್ತಿರ ಬೀಳುತ್ತದೆ. ಇಂಥದ್ದನ್ನು ಮೊದಲು ತೀರಿಸಿ. ಅದಕ್ಕಾಗಿ ಇನ್ನೊಂದು ಬ್ಲೇಡಿಗೆ ಮಾತ್ರ ಹೋಗಬೇಡಿ. ವರ್ಷಗಟ್ಟಲೆ ಬಡ್ಡಿ ಕಟ್ಟಿ ಅಡವು ಮುಂದುವರಿಸುತ್ತಿರುವ ಬಳೆ ಇದ್ದರೆ ಮಾರಿಬಿಡುವುದೇ ಲೇಸು ಅನ್ನುತ್ತೇನೆ ನಾನು. ಮದುವೆಯ ಬಳೆ, ಸಂಕಟ ಆಗುತ್ತದೆ, ಗೊತ್ತು.

ಖಾಲಿ ಚೆಕ್ಕಿಗೋ ಮುದ್ರಾಪತ್ರಕ್ಕೋ ಸಹಿ ಹಾಕಿ ಕೊಟ್ಟಿದ್ದೀರಾ? ಯಾರಿಗೆ, ಯಾವಾಗ, ಚೆಕ್ ನಂಬರ್ ಯಾವುದು, ಎಲ್ಲ ಬರೆದಿಡಿ. ಇನ್ನು ಮುಂದೆ ಕೊಡಬೇಡಿ. ವಿಪರೀತ ಬಡ್ಡಿ ವಸೂಲಿ ತಡೆಯಲು ಕೇರಳದಲ್ಲಿ 2012ರ ಕಾನೂನೇ ಇದೆ. ಬೆದರಿಸಿದರೆ ಪೊಲೀಸರಿಗೆ ದೂರು ಕೊಡಿ. ಕನ್ನಡದಲ್ಲೇ ಬರೆದು ಕೊಡಬಹುದು.

ಬ್ಯಾಂಕು, ಫೈನಾನ್ಸಿನ ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಿ ಕಾಡುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಆ್ಯಪಿನವರು ನಿಮ್ಮ ಫೋಟೋ ತಿದ್ದಿ ನೆಂಟರಿಗೆ ಕಳಿಸುತ್ತೇವೆ ಅಂದರೆ ಹೆದರಿ ದುಡ್ಡು ಹಾಕಬೇಡಿ. ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೋರ್ಟಿನ ನೋಟಿಸ್ ಬಂದರೆ ಕಪಾಟಿನಲ್ಲಿ ಅಡಗಿಸಿಡಬೇಡಿ, ತಾರೀಕು ಮೀರಿದರೆ ಕಷ್ಟ. 15100ಕ್ಕೆ ಫೋನ್ ಮಾಡಿ ಉಚಿತ ಕಾನೂನು ನೆರವು ಕೇಳಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರ ಫೀಸು ಕೊಡಬೇಕಿಲ್ಲ.

ಸಾಲದ ಚಿಂತೆಯಲ್ಲಿ ಯಾರಿಗಾದರೂ ಸಾಯುವ ಯೋಚನೆ ಬಂದಿದ್ದರೆ ಇವತ್ತೇ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ರಾತ್ರಿಯಾದರೂ ಮಾತಾಡುತ್ತಾರೆ. ಅಂಥವರನ್ನು ಮನೆಯಲ್ಲಿ ಒಬ್ಬರನ್ನೇ ಬಿಡಬೇಡಿ.

ಬರುವ ಭಾನುವಾರ ಸಂಜೆ 4ಕ್ಕೆ ಅಂಗನವಾಡಿಯಲ್ಲಿ ಕೂರುತ್ತೇವೆ. ಸೊಸೈಟಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಬರುತ್ತಾರೆ. ಪಾಸ್‌ಬುಕ್, ಅಡವಿನ ಚೀಟಿ, ನೋಟಿಸ್ ಏನಿದ್ದರೂ ತನ್ನಿ. ಎಲ್ಲರೆದುರು ಹೇಳಲು ಇಷ್ಟ ಇಲ್ಲದವರು 5 ಗಂಟೆಯ ನಂತರ ಬನ್ನಿ, ಒಬ್ಬೊಬ್ಬರನ್ನೇ ಒಳಗೆ ಕೂರಿಸಿ ನೋಡುತ್ತೇವೆ.

ನಿಮ್ಮ ಕುಟುಂಬಶ್ರೀ ಕಾರ್ಯದರ್ಶಿ