ಭೌತಶಾಸ್ತ್ರ ಅಸೈನ್‌ಮೆಂಟ್: ವಿದಳನ, ಸಮ್ಮಿಳನ ಮತ್ತು ದ್ರವ್ಯರಾಶಿ ಕೊರತೆ

ಪ್ರಶ್ನೆ 1. ವಿದಳನಕ್ಕೂ ಸಮ್ಮಿಳನಕ್ಕೂ ಇರುವ ವ್ಯತ್ಯಾಸವೇನು?

ಭಾರವಾದ ನ್ಯೂಕ್ಲಿಯಸ್ ಎರಡು ಹೋಳಾಗುವುದು ವಿದಳನ. ಹಗುರವಾದ ಎರಡು ನ್ಯೂಕ್ಲಿಯಸ್‌ಗಳು ಸೇರಿ ಒಂದಾಗುವುದು ಸಮ್ಮಿಳನ. ಒಡೆದರೂ ಶಕ್ತಿ, ಕೂಡಿಸಿದರೂ ಶಕ್ತಿ. ಇದು ಹೇಗೆ ಸಾಧ್ಯ?

ಉತ್ತರ ಇರುವುದು ಒಂದು ನ್ಯೂಕ್ಲಿಯಾನ್‌ಗೆ ಸಿಗುವ ಬಂಧನ ಶಕ್ತಿಯಲ್ಲಿ. ಹಗುರದಿಂದ ಭಾರದ ಕಡೆಗೆ, ಎಡದಿಂದ ಬಲಕ್ಕೆ ಅದರ ನಕ್ಷೆ ಬರೆದರೆ, ಎಡತುದಿಯ ಡ್ಯುಟೀರಿಯಂನಲ್ಲಿ ಅದು ಬರೀ 1.1 MeV. ಕಬ್ಬಿಣ, ನಿಕಲ್ ಹತ್ತಿರ 8.8 MeV, ಅದೇ ಶಿಖರ. ಅಲ್ಲಿಂದ ನಿಧಾನವಾಗಿ ಇಳಿದು ಯುರೇನಿಯಂಗೆ ಬರುವಾಗ 7.6 MeV. ಎಡಗಡೆಯ ಹಗುರ ನ್ಯೂಕ್ಲಿಯಸ್‌ಗಳು ಕೂಡಿದರೂ, ಬಲಗಡೆಯ ಭಾರದವು ಒಡೆದರೂ ಹೋಗುವುದು ಶಿಖರದ ಕಡೆಗೇ. ಬಿಗಿ ಹೆಚ್ಚಾದಷ್ಟು ಶಕ್ತಿ ಹೊರಗೆ ಬರುತ್ತದೆ. ಎಡಗಡೆಯ ಏರು ತುಂಬಾ ಕಡಿದಾಗಿದೆ ಅನ್ನುವುದನ್ನು ನೆನಪಿಡಬೇಕು, ಮುಂದಿನ ಲೆಕ್ಕದಲ್ಲಿ ಇದೇ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ 2. ಕೊಟ್ಟಿರುವ ಎರಡು ಕ್ರಿಯೆಗಳಲ್ಲಿ ಬಿಡುಗಡೆಯಾಗುವ ಶಕ್ತಿಯನ್ನು ಲೆಕ್ಕಹಾಕಿ. (1 u = 931.494 MeV)

ಕ್ರಿಯೆಯ ನಂತರ ಕಡಿಮೆಯಾಗುವ ರಾಶಿಯೇ ದ್ರವ್ಯರಾಶಿ ಕೊರತೆ Δm. ಅದೇ ಶಕ್ತಿ E ಆಗಿ ಹೊರಗೆ ಬರುತ್ತದೆ.

(ಅ) ವಿದಳನ:

```
n + U-235 → Ba-141 + Kr-92 + 3n

ಮೊದಲು: 1.008665 + 235.043930            = 236.052595 u
ನಂತರ:  140.914411 + 91.926156 + 3.025995 = 235.866562 u
Δm = 0.186033 u
E  = 0.186033 × 931.494 = 173.3 MeV
```

ಇಲ್ಲಿ ಬಳಸಿರುವುದು ಪರಮಾಣುವಿನ ರಾಶಿ, ಬರೀ ನ್ಯೂಕ್ಲಿಯಸ್‌ನದ್ದಲ್ಲ. ಹಾಗಾದರೆ ಎಲೆಕ್ಟ್ರಾನ್‌ಗಳ ಕಥೆ ಏನು? ಎಡಗಡೆ 92, ಬಲಗಡೆ 56 + 36 = 92. ಎರಡೂ ಕಡೆ ಸಮ ಇರುವುದರಿಂದ ಕಳೆಯುವಾಗ ತಾವಾಗಿಯೇ ಹೋಗಿಬಿಡುತ್ತವೆ. ಒಂದು ಕಡೆ ಪರಮಾಣು ರಾಶಿ, ಇನ್ನೊಂದು ಕಡೆ ನ್ಯೂಕ್ಲಿಯಸ್ ರಾಶಿ ಬೆರೆಸಿದರೆ ಮಾತ್ರ ಲೆಕ್ಕ ಕೆಡುತ್ತದೆ.

ಯುರೇನಿಯಂ ವಿದಳನಕ್ಕೆ ಸುಮಾರು 200 MeV ಎಂದು ಪುಸ್ತಕಗಳಲ್ಲಿ ಇರುತ್ತದೆ. ನಮ್ಮ 173 ತಪ್ಪಲ್ಲ. ಯುರೇನಿಯಂ ಪ್ರತಿ ಸಲ ಇದೇ ಹೋಳುಗಳಾಗಿ ಒಡೆಯುವುದಿಲ್ಲ. ಜೊತೆಗೆ ಈ ಬೇರಿಯಂ, ಕ್ರಿಪ್ಟಾನ್ ಎರಡೂ ಅಸ್ಥಿರ. ಆಮೇಲೆ ಅವು ಬೀಟಾ ಕ್ಷಯಕ್ಕೆ ಒಳಗಾಗಿ ಇನ್ನಷ್ಟು ಶಕ್ತಿ ಬಿಡುತ್ತವೆ, ಅದು ಈ ಸಮೀಕರಣದಲ್ಲಿ ಸೇರಿಲ್ಲ.

(ಆ) ಸಮ್ಮಿಳನ, ಇಲ್ಲಿ D ಎಂದರೆ ಡ್ಯುಟೀರಿಯಂ, T ಎಂದರೆ ಟ್ರಿಟಿಯಂ:

```
D + T → He-4 + n

ಮೊದಲು: 2.014102 + 3.016049 = 5.030151 u
ನಂತರ:  4.002603 + 1.008665 = 5.011268 u
Δm = 0.018883 u
E  = 0.018883 × 931.494 = 17.6 MeV
```

ಇದನ್ನು ಬಂಧನ ಶಕ್ತಿಯಿಂದಲೂ ತಾಳೆ ನೋಡಬಹುದು. ಹೀಲಿಯಂ 28.30, ಡ್ಯುಟೀರಿಯಂ 2.22, ಟ್ರಿಟಿಯಂ 8.48. ಮೊದಲನೆಯದರಿಂದ ಉಳಿದೆರಡನ್ನು ಕಳೆದರೆ 17.6 MeV. ಎರಡು ದಾರಿಯಲ್ಲೂ ಒಂದೇ ಉತ್ತರ. ಇಂಥ ಲೆಕ್ಕದಲ್ಲಿ ದಶಮಾಂಶಗಳನ್ನು ಕೊನೆಯವರೆಗೂ ಇಟ್ಟುಕೊಳ್ಳಬೇಕು. ಎರಡೇ ಸ್ಥಾನಕ್ಕೆ ನಿಲ್ಲಿಸಿದರೆ ಇದೇ ಉತ್ತರ 18.6 MeV ಆಗಿಬಿಡುತ್ತದೆ.

ಒಂದು ಕ್ರಿಯೆಗೆ ಹೋಲಿಸಿದರೆ ವಿದಳನವೇ ಹತ್ತು ಪಟ್ಟು ಮುಂದೆ. ಆದರೆ ಅದು ನ್ಯಾಯವಾದ ಹೋಲಿಕೆ ಅಲ್ಲ. ಅಲ್ಲಿ 236 ನ್ಯೂಕ್ಲಿಯಾನ್, ಇಲ್ಲಿ ಐದೇ ಐದು. ತಲಾ ಲೆಕ್ಕ ಹಾಕಿದರೆ ವಿದಳನಕ್ಕೆ 0.73 MeV, ಸಮ್ಮಿಳನಕ್ಕೆ 3.5 MeV. ಎಡಗಡೆಯ ಏರು ಕಡಿದಾಗಿರುವುದರ ಫಲ ಇದು. ಒಂದೇ ತೂಕದ ಇಂಧನದಲ್ಲಿ ಸಮ್ಮಿಳನವೇ ಜಾಸ್ತಿ ಕೊಡುತ್ತದೆ.

ಪ್ರಶ್ನೆ 3. ಸರಪಳಿ ಕ್ರಿಯೆಯನ್ನು ವಿವರಿಸಿ. ಸಮ್ಮಿಳನದಲ್ಲಿ ಅದು ಯಾಕಿಲ್ಲ?

ಮೇಲಿನ ವಿದಳನದಲ್ಲಿ ಒಂದು ನ್ಯೂಟ್ರಾನ್ ಒಳಗೆ ಹೋಯಿತು, ಮೂರು ಹೊರಗೆ ಬಂದವು. ಸರಪಳಿಯ ಗುಟ್ಟೆಲ್ಲ ಇಷ್ಟೇ. ಒಂದು ವಿದಳನದ ನ್ಯೂಟ್ರಾನ್‌ಗಳು ಸರಾಸರಿ ಎಷ್ಟು ಹೊಸ ವಿದಳನ ಮಾಡುತ್ತವೆ ಎನ್ನುವುದೇ k. k ಒಂದಕ್ಕಿಂತ ಕಡಿಮೆಯಾದರೆ ಸರಪಳಿ ಆರಿಹೋಗುತ್ತದೆ. ಸರಿಯಾಗಿ ಒಂದಾದರೆ ಒಂದೇ ಸಮನೆ ನಡೆಯುತ್ತದೆ. ಹೆಚ್ಚಾದರೆ ಬೆಳೆಯುತ್ತಲೇ ಹೋಗುತ್ತದೆ.

ಎಷ್ಟು ಬೇಗ ಬೆಳೆಯುತ್ತದೆ? k = 2 ಎಂದು ಇಟ್ಟುಕೊಳ್ಳೋಣ. ಒಂದು ಕಿಲೋಗ್ರಾಂ U-235ರಲ್ಲಿ ಸುಮಾರು 2.56 × 10²⁴ ಪರಮಾಣುಗಳಿವೆ. 2⁸¹ ಎಂದರೆ 2.4 × 10²⁴. ಅಂದರೆ ಸುಮಾರು 81 ತಲೆಮಾರು ಸಾಕು. ಒಂದು ತಲೆಮಾರಿಗೆ 10 ನ್ಯಾನೋಸೆಕೆಂಡ್ ಹಿಡಿದರೂ ಎಲ್ಲ ಮುಗಿಯುವುದಕ್ಕೆ ಒಂದು ಮೈಕ್ರೋಸೆಕೆಂಡ್ ಕೂಡ ಬೇಡ.

ರಿಯಾಕ್ಟರ್‌ನಲ್ಲಿ ಹೀಗಾಗದಂತೆ ಬೋರಾನ್ ಅಥವಾ ಕ್ಯಾಡ್ಮಿಯಂ ಸರಳುಗಳು ಹೆಚ್ಚುವರಿ ನ್ಯೂಟ್ರಾನ್‌ಗಳನ್ನು ನುಂಗುತ್ತವೆ. ಅದಕ್ಕೂ ಮಿಗಿಲಾದ ಅನುಕೂಲ ಇನ್ನೊಂದಿದೆ. U-235ರಲ್ಲಿ ಸುಮಾರು 0.65% ನ್ಯೂಟ್ರಾನ್‌ಗಳು ವಿದಳನದ ಕ್ಷಣದಲ್ಲಿ ಬರುವುದೇ ಇಲ್ಲ, ಹೋಳುಗಳು ಕ್ಷಯವಾಗುವಾಗ ತಡವಾಗಿ ಬರುತ್ತವೆ. ಈ ಚಿಕ್ಕ ಪಾಲೇ ಸರಳುಗಳನ್ನು ಆಡಿಸಲು ಸಮಯ ಕೊಡುತ್ತದೆ. 1942ರ ಡಿಸೆಂಬರ್ 2ರಂದು ಷಿಕಾಗೋದಲ್ಲಿ ಫರ್ಮಿಯ ತಂಡ ಮೊದಲ ಸಲ ಹೀಗೆ ಹತೋಟಿಯಲ್ಲಿ ಸರಪಳಿ ನಡೆಸಿತು.

ಸಮ್ಮಿಳನದಲ್ಲೂ ನ್ಯೂಟ್ರಾನ್ ಬರುತ್ತದಲ್ವಾ? ಬರುತ್ತದೆ, 14.1 MeV ಹೊತ್ತುಕೊಂಡು. ಆದರೆ ಮುಂದಿನ D, T ಜೋಡಿ ಸೇರುವುದಕ್ಕೆ ಅದು ಬೇಕಿಲ್ಲ. ಎರಡೂ ಧನ ಆವೇಶದವು, ಒಂದನ್ನೊಂದು ದೂಡುತ್ತವೆ. ಆ ತಡೆ ದಾಟಲು ಬೇಕಿರುವುದು ಬಿಸಿ, ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದ ಹಿಡಿದಿಡುವ ಟೋಕಮಾಕ್ ಯಂತ್ರದಲ್ಲಿ ಸುಮಾರು 15 ಕೋಟಿ ಡಿಗ್ರಿ. ನ್ಯೂಟ್ರಾನ್‌ಗೆ ಆವೇಶವಿಲ್ಲದ ಕಾರಣ ಕಾಂತಕ್ಷೇತ್ರ ಹಿಡಿದಿಡಲಾರದು, ಅದು ಹೊರಗೆ ಹಾರಿಹೋಗುತ್ತದೆ. ಹೀಲಿಯಂ ಮಾತ್ರ ತನ್ನ 3.5 MeV ಸಮೇತ ಒಳಗೇ ಉಳಿದು ಪ್ಲಾಸ್ಮಾವನ್ನು ಬಿಸಿ ಮಾಡುತ್ತದೆ. ಪ್ಲಾಸ್ಮಾ ತಣ್ಣಗಾದರೆ ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ.